ಬೀಳ್ಕೊಡುಗೆಯ ದಿನ ನಾನು ಬೋರ್ಡ್ ಮೇಲೆ ಬರೆದ ಲೆಕ್ಕ

2025ರ ಆಗಸ್ಟ್ ಕೊನೆಗೆ ನನಗೆ 58 ತುಂಬಿತು. ಪೀಣ್ಯದ ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲೇ ಬೀಳ್ಕೊಡುಗೆ. ಹಾರ, ಶಾಲು ಎಲ್ಲಾ ಆದಮೇಲೆ ಮೈಕ್ ಕೊಟ್ಟರು. ನಾನು ಊಟದ ಮೆನು ಬರೆಯೋ ಬೋರ್ಡ್ ಒರೆಸಿ, 3,100 ಅಂತ ಬರೆದೆ.

"ಇದು ನನ್ನ ತಿಂಗಳ ಪಿಎಫ್ ಪೆನ್ಷನ್" ಅಂದೆ. ಹುಡುಗರು ನಕ್ಕರು, ತಮಾಷೆ ಅಂದುಕೊಂಡರು.

ಲೆಕ್ಕ ಬಿಡಿಸಿ ಹೇಳಿದೆ. ಸಂಬಳವನ್ನು ಸರ್ವೀಸಿನ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಆದರೆ ಕೈಗೆ ಬರೋ ಸಂಬಳ ಎಷ್ಟೇ ಇರಲಿ, ನಮ್ಮಂಥವರಿಗೆ 2014ರ ಸೆಪ್ಟೆಂಬರ್‌ಗೆ ಮುಂಚಿನ ವರ್ಷಗಳಿಗೆ 6,500, ಆಮೇಲಿನದಕ್ಕೆ 15,000 ಅಷ್ಟೇ ಹಿಡಿಯುತ್ತಾರೆ. ನಾನು ಇಲ್ಲಿ ಸೇರಿದ್ದು 2006ರ ಸೆಪ್ಟೆಂಬರ್‌ನಲ್ಲಿ. ಮೊದಲ 8 ವರ್ಷಕ್ಕೆ 743 ರೂಪಾಯಿ, ಆಮೇಲಿನ 11 ವರ್ಷಕ್ಕೆ 2,357. ಕೂಡಿದರೆ 3,100.

ಅದಕ್ಕೂ ಮುಂಚೆ ಇನ್ನೊಂದು ಕಡೆ 8 ವರ್ಷ ದುಡಿದಿದ್ದೆ. ಬಿಡುವಾಗ ಪಿಎಫ್ ಜೊತೆ ಪೆನ್ಷನ್ ದುಡ್ಡನ್ನೂ 10ಸಿ ಫಾರ್ಮ್ ಕೊಟ್ಟು ತೆಗೆದುಬಿಟ್ಟೆ. ಸುಮಾರು 35 ಸಾವಿರ ಬಂತು. ಮನೆ ಅಡ್ವಾನ್ಸಿಗೆ ಕೊಟ್ಟೆ. ಆ 8 ವರ್ಷ ಅಲ್ಲಿಗೇ ಅಳಿಸಿಹೋಯ್ತು. ಇದ್ದಿದ್ದರೆ ತಿಂಗಳಿಗೆ ಇನ್ನೂ 743 ಬರ್ತಿತ್ತು, ಅಂದರೆ ನಾಲ್ಕೇ ವರ್ಷದಲ್ಲಿ ಆ 35 ಸಾವಿರ ವಾಪಸ್. ಹೊಟ್ಟೆ ಉರಿಯೋದು ಇನ್ನೊಂದಕ್ಕೆ. 20 ವರ್ಷ ಸರ್ವೀಸ್ ಮುಗಿಸಿ 58ಕ್ಕೆ ನಿವೃತ್ತರಾದವರಿಗೆ 2 ವರ್ಷ ಹೆಚ್ಚುವರಿ ಸೇರಿಸಿ ಲೆಕ್ಕ ಹಾಕುತ್ತಾರೆ. ನನ್ನದು 19ಕ್ಕೇ ನಿಂತಿತ್ತು.

"ಕೆಲಸ ಬದಲಾಯಿಸಿದರೆ ದುಡ್ಡು ತೆಗೀಬೇಡಿ, ಅದೇ ಯುಎಎನ್ ನಂಬರ್ ಕೊಟ್ಟು ಟ್ರಾನ್ಸ್‌ಫರ್ ಮಾಡಿಸಿ. ಮುಂದೆ ಪಿಎಫ್ ಇಲ್ಲದ ಕೆಲಸಕ್ಕೆ ಹೋಗೋದಾದರೆ, ಅದೇ 10ಸಿ ಫಾರ್ಮಿನಲ್ಲಿ ದುಡ್ಡಿನ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಿ. ವರ್ಷಗಳು ಅದರಲ್ಲಿ ಉಳಿದಿರ್ತವೆ. ಮತ್ತೆ ಪಿಎಫ್ ಇರೋ ಕಡೆ ಸೇರಿದರೆ ಮುಂದುವರಿಯುತ್ತೆ" ಅಂದೆ.

ಸಿಎನ್‌ಸಿ ಮೆಷಿನ್ ನೋಡಿಕೊಳ್ಳೋ ಹುಡುಗ ಎದ್ದ. "ಅಣ್ಣ, ನಾನು ಟ್ರಾನ್ಸ್‌ಫರ್ ಮಾಡಿಸಿದೆ. ಪಿಎಫ್ ದುಡ್ಡು ಬಂತು, ಪಾಸ್‌ಬುಕ್ಕಿನ ಪೆನ್ಷನ್ ಕಾಲಮ್ಮಿನಲ್ಲಿ ಮಾತ್ರ ಸೊನ್ನೆ ಇದೆ. ನುಂಗಿಹಾಕಿದ್ರಾ?"

ಈ ಸೊನ್ನೆ ನೋಡಿ ಗಾಬರಿಯಾಗೋರು ಜಾಸ್ತಿ. ಪೆನ್ಷನ್ ದುಡ್ಡು ಖಾತೆಯಿಂದ ಖಾತೆಗೆ ಹೋಗೋದಿಲ್ಲ, ಸರ್ವೀಸಿನ ವರ್ಷ ಮಾತ್ರ ಹೋಗುತ್ತೆ. ಪೆನ್ಷನ್ನಿಗೆ ಬೇಕಾಗಿರೋದೂ ಅದೇ ಅಲ್ವಾ? ಆದ್ದರಿಂದ ಸೊನ್ನೆ ಬಿಟ್ಟು ಪಿಎಫ್ ಪೋರ್ಟಲ್‌ನಲ್ಲಿ Service History ನೋಡು ಅಂದೆ. ಸೇರಿದ ದಿನ, ಬಿಟ್ಟ ದಿನ ಎರಡೂ ಸರಿ ಇರಬೇಕು.

ಊಟದ ಸಾಲಿನಲ್ಲಿ ಫೋನ್ ಹಿಡಿದುಕೊಂಡು ನನ್ನ ಹಿಂದೆಯೇ ಬಂದ. ಅವನ ಹೆಸರಿನಲ್ಲಿ ಮೂರು ಕಂಪನಿ ಇತ್ತು. ನಡುವಿನದಕ್ಕೆ ಬಿಟ್ಟ ದಿನವೇ ಇಲ್ಲ, ಖಾಲಿ. ಅಲ್ಲಿ ಮೂರು ವರ್ಷ ಇದ್ದನಂತೆ. ಹಳೇ ಮಾಲೀಕರು ಹಾಕದಿದ್ದರೆ, ಕೊನೇ ಕಂತು ಕಟ್ಟಿ ಎರಡು ತಿಂಗಳಾದಮೇಲೆ Mark Exit ಒತ್ತಿ ನಾವೇ ಹಾಕಿಕೊಳ್ಳಬಹುದು. ಹೋಳಿಗೆ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಆಧಾರ್ ಒಟಿಪಿಗೆ ಕಾಯ್ತಾ ಅಲ್ಲೇ ನಿಂತ.