ಜೊತೆ ಬೆಕ್ಕು ಸತ್ತ ಮೇಲೆ ಉಳಿದದ್ದು ಊಟ ಬಿಟ್ಟರೆ ಏನು ಮಾಡಬೇಕು?

ಜಯನಗರದ ನಮ್ಮ ಮನೆಯಲ್ಲಿ ಗುಂಡ, ಸುಬ್ಬಿ ಎಂಟು ವರ್ಷ ಜೊತೆಗಿದ್ದವು. ಗುಂಡ ಕಿಡ್ನಿ ತೊಂದರೆಯಿಂದ ಹೋದ. ಮಾರನೇ ದಿನ ಸುಬ್ಬಿ ಮಂಚದ ಕೆಳಗೆ, ಬೀರು ಹಿಂದೆ ಎಲ್ಲ ಮೂಸಿ ಹುಡುಕಿದಳು. ರಾತ್ರಿ ಬಾಲ್ಕನಿ ಬಾಗಿಲಲ್ಲಿ ಕೂತು ಉದ್ದಕ್ಕೆ ಕೂಗಿದಳು.

1. ದುಃಖವೋ, ಕಾಯಿಲೆಯೋ?
ಹುಡುಕುವುದು, ಕೂಗುವುದು, ಅಂಟಿಕೊಂಡೇ ಇರುವುದು ಅಥವಾ ಅವಿತುಕೊಳ್ಳುವುದು ದುಃಖದಲ್ಲಿ ಇದ್ದದ್ದೇ. ವಾಂತಿ, ಭೇದಿ, ಉಸಿರಾಟದ ಕಷ್ಟ ಕಂಡರೆ ದುಃಖ ಅಂತ ಸುಮ್ಮನಿರದೆ ಡಾಕ್ಟರಿಗೆ ತೋರಿಸಿ. ಉಚ್ಚೆಗೆ ಮುಕ್ಕರಿದರೂ ಬರದಿದ್ದರೆ, ಅದರಲ್ಲೂ ಗಂಡು ಬೆಕ್ಕಾದರೆ, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಸತ್ತ ಬೆಕ್ಕಿಗೆ ಅಂಟುರೋಗ ಇತ್ತು ಅಂದರೆ ಇದನ್ನೂ ತೋರಿಸಿ.

2. ಊಟದ ಲೆಕ್ಕ ಇಡಿ
ಎಲ್ಲರೂ ಎಡವುವುದು ಇಲ್ಲೇ. "ಬೇಜಾರಲ್ಲಿದೆ ಪಾಪ, ಹಸಿವಾದರೆ ತಿನ್ನುತ್ತೆ" ಅಂತ ಸುಮ್ನೆ ಬಿಡುತ್ತಾರೆ. ಬೆಕ್ಕಿಗೆ ಉಪವಾಸ ಆಗಿಬರಲ್ಲ. ಊಟ ಬಿಟ್ಟರೆ ಮೈಯ ಕೊಬ್ಬು ಕರಗಿ ಲಿವರ್‌ನಲ್ಲಿ ತುಂಬಿಕೊಳ್ಳುತ್ತದೆ, ಕೊನೆಗೆ ಲಿವರ್ ಕೈಕೊಡುತ್ತದೆ. ದಪ್ಪ ಬೆಕ್ಕಿಗೆ ಈ ಅಪಾಯ ಜಾಸ್ತಿ. ಪೂರ್ತಿ ಒಂದು ದಿನ ಏನೂ ತಿನ್ನದಿದ್ದರೆ ಡಾಕ್ಟರಿಗೆ ಫೋನ್ ಮಾಡಿ, ಎರಡನೇ ದಿನ ಕಾಯಬೇಡಿ. ಕಿವಿಯ ಒಳಭಾಗ, ವಸಡು ಹಳದಿಯಾದರೆ ಆಗಲೇ ತಡವಾಗಿದೆ, ತಕ್ಷಣ ಆಸ್ಪತ್ರೆಗೆ ಹೊರಡಿ.

ಎರಡು ಬೆಕ್ಕಿಗೆ ಒಂದೇ ಬಟ್ಟಲಿಟ್ಟು ರೂಢಿಯಾದವರಿಗೆ ಯಾವುದು ಎಷ್ಟು ತಿನ್ನುತ್ತಿತ್ತು ಅನ್ನೋದೇ ಗೊತ್ತಿರಲ್ಲ, ಅಲ್ವಾ? ನಮಗೂ ಗೊತ್ತಿರಲಿಲ್ಲ. ಅದಕ್ಕೇ ತೂಕ ನೋಡಿದೆವು. ಸುಬ್ಬಿಯನ್ನು ಎತ್ತಿಕೊಂಡು ತಕ್ಕಡಿ ಮೇಲೆ ನಿಂತು, ಆಮೇಲೆ ನನ್ನೊಬ್ಬಳ ತೂಕ ಕಳೆದೆ. 4.6 ಕೆಜಿ ಇದ್ದವಳು ಐದನೇ ದಿನಕ್ಕೆ 4.3 ಆಗಿದ್ದಳು. ಸ್ವಲ್ಪ ಸ್ವಲ್ಪ ತಿನ್ನುತ್ತಿದ್ದಾಳೆ ಅಂತ ನಾವು ನೆಮ್ಮದಿಯಾಗಿದ್ದೆವು!

ಡಾಕ್ಟರು ಬೇರೆ ಕಾಯಿಲೆ ಇಲ್ಲ ಅಂದ ಮೇಲೆ ಹೀಗೆ ಮಾಡಿದೆವು. ಎರಡು ಚಮಚ ವೆಟ್ ಫುಡ್ ಹಾಕಿದ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಉಗುರುಬೆಚ್ಚಗೆ ಮಾಡುವುದು. ವಾಸನೆ ಎದ್ದರೇ ಬೆಕ್ಕಿಗೆ ಬಾಯಿ ರುಚಿ. ಅಗಲ ತಟ್ಟೆಗೆ ಹಾಕಿ, ಅವಳು ಮಲಗಿದ ಕಡೆಗೇ ಒಯ್ದು, ಪಕ್ಕದಲ್ಲಿ ಕೂರುವುದು. ಅರ್ಧ ಗಂಟೆಯಲ್ಲಿ ತಿನ್ನದಿದ್ದರೆ ತೆಗೆದು, ಮತ್ತೆ ಹೊಸದಾಗಿ ಕೊಡುವುದು. ದಿನಕ್ಕೆ ಐದು ಸಲ.

ಬಾಯಿಗೆ ಸಿರಿಂಜ್‌ನಲ್ಲಿ ತುರುಕಬೇಡಿ. ಆಮೇಲೆ ಆ ಆಹಾರ ಕಂಡರೇ ಓಡುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಕೋಳಿ ಸಾರು ಬೆಕ್ಕಿಗೆ ವಿಷ. ಅಂಗಡಿಯವನೊಬ್ಬ "ಮನಸ್ಸು ಶಾಂತ ಆಗುತ್ತೆ" ಅಂತ ಪರಿಮಳದ ಎಣ್ಣೆ ಕೊಡಲು ಬಂದ. ಇಂಥ ಎಷ್ಟೋ ಎಣ್ಣೆಗಳು ಬೆಕ್ಕಿಗೆ ಆಗಲ್ಲ, ತರಲೇಬೇಡಿ.

3. ಹಾಸಿಗೆ ಒಗೆಯಬೇಡಿ
ಗುಂಡನ ವಾಸನೆ ಇರಲಿ ಅಂತ ಅವನ ಹಳೇ ಟವೆಲನ್ನು ಹಾಗೇ ಬಿಟ್ಟೆವು. ಸುಬ್ಬಿ ಅದರ ಮೇಲೇ ಮಲಗಿದಳು. ನಿಮ್ಮ ಬೆಕ್ಕು ಅಂಥ ಬಟ್ಟೆಯಿಂದ ದೂರ ಸರಿದರೆ ಅದನ್ನು ಎತ್ತಿಡಿ.

4. ದಿನಚರಿ ಬದಲಿಸಬೇಡಿ
ಊಟ, ಆಟ ಅದೇ ಹೊತ್ತಿಗೆ ಆಗಲಿ.

5. ಹೊಸ ಮರಿ ಈಗಲೇ ಬೇಡ
ಪಾರ್ಕಿಂಗ್‌ನಲ್ಲಿ ಸಿಕ್ಕ ಮರಿಯನ್ನು ಜೊತೆಗಿರಲಿ ಅಂತ ತಂದುಕೊಡುವವರು ಬಂದೇ ಬರುತ್ತಾರೆ. ಗೊತ್ತಿಲ್ಲದ ಬೆಕ್ಕು ಅಂದರೆ ಜೊತೆಯಲ್ಲ, ಇನ್ನೊಂದು ಹೆದರಿಕೆ. ಸುಬ್ಬಿ 4.5ಕ್ಕೆ ಬರಲು ಆರು ವಾರ ಬೇಕಾಯಿತು. ಅಲ್ಲಿಯವರೆಗೆ ಆ ಮಾತೇ ಎತ್ತಬೇಡಿ ಅಂತ ಪಕ್ಕದ ಮನೆ ಆಂಟಿಗೆ ಹೇಳಿಬಿಟ್ಟಿದ್ದೆ.