ಕನ್ಸೋಲ್ ಕೇಬಲ್ ಹಾಕಿದರೂ ಸ್ಕ್ರೀನ್ ಖಾಲಿಯೇ? ಪಿನ್ 3 ಮತ್ತು 6 ನೋಡಿ

ಹಳೆಯ ಸಿಸ್ಕೊ ಸ್ವಿಚ್ ಒಂದು ಕೈಗೆ ಬಂದಿದೆ. ಅದರ ಐಪಿ ವಿಳಾಸ ಯಾರಿಗೂ ನೆನಪಿಲ್ಲ. ಇನ್ನು ಕನ್ಸೋಲ್ ಪೋರ್ಟೇ ಗತಿ. ನೋಡಲು ಅದು ನೆಟ್‌ವರ್ಕ್ ಪೋರ್ಟ್‌ನಂತೆಯೇ ಇರುತ್ತದೆ. ಹಾಗಾಗಿ ನಾನೂ ಒಮ್ಮೆ ಸಾದಾ ಪ್ಯಾಚ್ ಕಾರ್ಡ್ ಚುಚ್ಚಿ, ಕಪ್ಪು ಸ್ಕ್ರೀನ್ ನೋಡುತ್ತಾ ಒಂದು ಗಂಟೆ ಕೂತಿದ್ದೆ.

ಈ ಪೋರ್ಟ್‌ನಲ್ಲಿ ಸ್ವಿಚ್ ಮಾತಾಡುವುದು 3ನೇ ಪಿನ್‌ನಲ್ಲಿ, ಕೇಳಿಸಿಕೊಳ್ಳುವುದು 6ರಲ್ಲಿ. ರೋಲ್‌ಓವರ್ ಕೇಬಲ್ ಪಿನ್‌ಗಳನ್ನು ಪೂರ್ತಿ ತಿರುವಿ ಹಾಕುತ್ತದೆ: 1 ಹೋಗಿ 8ಕ್ಕೆ, 2 ಹೋಗಿ 7ಕ್ಕೆ, 3 ಹೋಗಿ 6ಕ್ಕೆ. ಆಮೇಲೆ ಟರ್ಮಿನಲ್ ಎಂದು ಬರೆದಿರುವ ಡಿಬಿ-9 ಅಡಾಪ್ಟರ್, ಆ 6ನ್ನು ಕಂಪ್ಯೂಟರ್ ಕೇಳಿಸಿಕೊಳ್ಳುವ 2ನೇ ಪಿನ್‌ಗೆ ತಲುಪಿಸುತ್ತದೆ. ಸಾದಾ ಪ್ಯಾಚ್ ಕಾರ್ಡ್ ಹಾಕಿದರೆ 3 ತಿರುಗದೆ 3ಕ್ಕೇ ಹೋಗುತ್ತದೆ. ಆಗ ಇಬ್ಬರೂ ಒಂದೇ ವೈರಿನಲ್ಲಿ ಮಾತಾಡುತ್ತಾರೆ, ಕೇಳುವವರೇ ಇಲ್ಲ!

ಹಾಗಾಗಿ ಮೊದಲು ಕೇಬಲ್ ನೋಡಿ. ಎರಡು ತುದಿಗಳನ್ನೂ ಕ್ಲಿಪ್ ಒಂದೇ ಕಡೆಗಿರುವಂತೆ ಅಕ್ಕಪಕ್ಕ ಹಿಡಿಯಿರಿ. ಒಂದರ ಎಡತುದಿಯ ಬಣ್ಣ ಇನ್ನೊಂದರ ಬಲತುದಿಯಲ್ಲಿದ್ದರೆ ಅದು ರೋಲ್‌ಓವರ್. ಬಣ್ಣಗಳ ಸಾಲು ಎರಡರಲ್ಲೂ ಒಂದೇ ಥರ ಇದ್ದರೆ ಪಕ್ಕಕ್ಕಿಡಿ.

ಆಮೇಲೆ ಅಡಾಪ್ಟರ್. ಮೋಡೆಮ್ ಎಂದು ಬರೆದದ್ದು ಇಲ್ಲಿ ಬೇಡ, ಅದು ಕಂಪ್ಯೂಟರ್‌ಗಲ್ಲ. ಬೇರೆ ಕಂಪನಿಯ ಪೆಟ್ಟಿಗೆಯಲ್ಲಿ ಬಂದದ್ದನ್ನೂ ನಂಬಬೇಡಿ. ಅದು ಪೋರ್ಟ್‌ಗೆ ಸರಿಯಾಗಿ ಕೂತರೂ ಒಳಗಿನ ವೈರಿಂಗ್ ಬೇರೆ ಇರಬಹುದು. ಒಂದು ತುದಿಯಲ್ಲಿ ಡಿಬಿ-9 ಸೇರಿಸಿಯೇ ಬರುವ ನೀಲಿ ಕೇಬಲ್‌ನಲ್ಲಿ ತಿರುವು ಒಳಗೇ ಇರುತ್ತದೆ. ಅದು ಗಿಡ್ಡವಾಯಿತೆಂದು ಇನ್ನೊಂದು ರೋಲ್‌ಓವರ್ ಜೋಡಿಸಿದರೆ, ಎರಡು ತಿರುವು ಸೇರಿ ಮತ್ತೆ ನೇರವಾಗುತ್ತದೆ. ಉದ್ದ ಮಾಡಲು ಸಾದಾ ಪ್ಯಾಚ್ ಕಾರ್ಡೇ ಸರಿ.

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸೀರಿಯಲ್ ಪೋರ್ಟ್ ಇರುವುದಿಲ್ಲ, ಅಲ್ವಾ? ಯುಎಸ್‌ಬಿ ಪರಿವರ್ತಕ ಚುಚ್ಚಿ, ವಿಂಡೋಸ್‌ನಲ್ಲಾದರೆ Device Manager ತೆರೆದು COM ಸಂಖ್ಯೆ ನೋಡಿ. PuTTYಯಲ್ಲಿ ಆ ಸಂಖ್ಯೆ ಕೊಟ್ಟು, ವೇಗ 9600, Flow control ಜಾಗದಲ್ಲಿ None ಇಡಿ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಹೀಗೆ:

```
screen /dev/ttyUSB0 9600
```

ಎಂಟರ್ ಒತ್ತಿ. ಅಲ್ಲಿಯವರೆಗೆ ಸ್ವಿಚ್ ಸುಮ್ನೆ ಇರುವುದೂ ಉಂಟು.

ಅರ್ಥವಾಗದ ಚಿಹ್ನೆಗಳು ಬಂದರೆ ಖುಷಿಪಡಿ! ಸ್ವಿಚ್ ಮಾತಾಡುವ ವೈರ್ ಸರಿಯಿದೆ, ವೇಗ ಮಾತ್ರ ತಪ್ಪಿದೆ. 115200 ಹಾಕಿ ನೋಡಿ. ಏನೂ ಬಾರದಿದ್ದರೆ ಕೇಬಲ್ ಬಿಚ್ಚಿ, ಪರಿವರ್ತಕದ ಡಿಬಿ-9 ತುದಿಯಲ್ಲಿ 2 ಮತ್ತು 3ನೇ ಪಿನ್‌ಗಳನ್ನು ಒಂದು ತುಂಡು ವೈರಿನಿಂದ ಸೇರಿಸಿ ಟೈಪ್ ಮಾಡಿ. ಅಕ್ಷರಗಳು ವಾಪಸ್ ಬಂದರೆ ಲ್ಯಾಪ್‌ಟಾಪ್, ಡ್ರೈವರ್, ಪರಿವರ್ತಕ ಮೂರೂ ಸರಿ. ತಪ್ಪು ಅಲ್ಲಿಂದ ಮುಂದೆ, ಕೇಬಲ್‌ನಲ್ಲೋ ಅಡಾಪ್ಟರ್‌ನಲ್ಲೋ ಸ್ವಿಚ್‌ನಲ್ಲೋ ಇದೆ. ಅಕ್ಷರ ಬಾರದಿದ್ದರೆ COM ಸಂಖ್ಯೆಯನ್ನು ಇನ್ನೊಮ್ಮೆ ನೋಡಿ. ಪರಿವರ್ತಕವನ್ನು ಬೇರೆ ಯುಎಸ್‌ಬಿ ಪೋರ್ಟ್‌ಗೆ ಹಾಕಿದಾಗ ಅದು ಬದಲಾಗಿರುವುದೇ ಜಾಸ್ತಿ.