ನಗುಮುಖಕ್ಕೆ ಬಣ್ಣ ತುಂಬುವ ಮೊದಲು

ಒಂದನೆಯ ತರಗತಿಯ ಮಕ್ಕಳಿಗೆ ಮೂರು ಮುಖಗಳಿರುವ ಹಾಳೆಯನ್ನು ಕೊಟ್ಟು, ಈ ವಾರ ಎಷ್ಟು ಕಲಿತಿರಿ ಎಂದು ಕೇಳಿದರೆ ಬಹುತೇಕ ಎಲ್ಲರೂ ನಗುಮುಖಕ್ಕೇ ಬಣ್ಣ ತುಂಬುತ್ತಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ. ಆರು ವರ್ಷದ ಮಗು ತನಗೆ ಖುಷಿಯಾಗಿದೆಯೇ ಎಂಬ ಪ್ರಶ್ನೆಗೆ ಉತ್ತರ ಕೊಡುತ್ತಿರುತ್ತದೆ, ಕಲಿತದ್ದರ ಬಗ್ಗೆ ಅಲ್ಲ. ಆದ್ದರಿಂದ ಚಟುವಟಿಕೆಗಳ ಮೂಲಕ ಕಲಿಸುವ ನನ್ನ ನಲಿಕಲಿ ತರಗತಿಯಲ್ಲಿ ಮಗು ಮೊದಲು ಕೆಲಸವನ್ನು ಮಾಡಿ ನೋಡಬೇಕು, ಆಮೇಲೆ ಬಣ್ಣ ತುಂಬಬೇಕು ಎಂಬ ಕ್ರಮವನ್ನು ಪಾಲಿಸುತ್ತೇನೆ.

ಎ4 ಹಾಳೆಯ ಅರ್ಧ ಭಾಗದಲ್ಲಿ ಮೂರೇ ಸಾಲುಗಳಿರುತ್ತವೆ. ‘ಅಕ್ಷರ ಗೊತ್ತು’ ಎಂದು ಬರೆಯುವ ಬದಲು, ಅಲ್ಲಿಯೇ ಓದಿ ನೋಡಬಹುದಾದ ಪದಗಳನ್ನು ಬರೆಯುತ್ತೇನೆ. ‘ರ ಗ ಸ ದ ಅ’ ಆದ ಮೇಲೆ ‘ಜ ವ ಮ ಬ ನ’ ಕಲಿತ ವಾರವಾದರೆ ಮೊದಲ ಸಾಲಿನಲ್ಲಿ ಜನ, ಮರ, ವನ, ನಗರ ಎಂಬ ಪದಗಳಿರುತ್ತವೆ. ಎರಡನೆಯದರಲ್ಲಿ 9 ಕಡ್ಡಿಗಳ ಚಿತ್ರ. ಮೂರನೆಯದರಲ್ಲಿ ಆ ವಾರದ ಹಾಡು. ಅಳುಮುಖವನ್ನು ನಾನು ಇಡುವುದಿಲ್ಲ, ಏಕೆಂದರೆ ಅದನ್ನು ಆರಿಸಿದರೆ ಬೈಗುಳ ಬೀಳುತ್ತದೆ ಎಂದು ಮಕ್ಕಳು ಹೆದರುತ್ತಾರೆ. ನಗುವ ಮುಖವೆಂದರೆ ‘ನಾನೇ ಮಾಡಿದೆ’, ನೇರ ಗೆರೆಯ ಬಾಯಿಯೆಂದರೆ ‘ಸ್ವಲ್ಪ ಸಹಾಯ ಬೇಕಾಯಿತು’, ಕೈ ಎತ್ತಿದ ಮುಖವೆಂದರೆ ‘ಇನ್ನೊಮ್ಮೆ ಹೇಳಿಕೊಡಿ’. ಎಲ್ಲರಿಗೂ ಒಂದೇ ಬಣ್ಣದ ಕ್ರೆಯಾನ್ ಕೊಡುತ್ತೇನೆ. ಇಲ್ಲವಾದರೆ ಗಮನವೆಲ್ಲ ಬಣ್ಣದ ಆಯ್ಕೆಗೇ ಹೋಗುತ್ತದೆ.

ಶನಿವಾರ ಬೆಳಿಗ್ಗೆ ನಾಲ್ಕೈದು ಮಕ್ಕಳ ಗುಂಪನ್ನು ಮಾತ್ರ ಕೂರಿಸಿಕೊಳ್ಳುತ್ತೇನೆ. ಉಳಿದವರು ಆ ಹೊತ್ತಿನಲ್ಲಿ ಚಿತ್ರ ಬರೆಯುತ್ತಿರುತ್ತಾರೆ. ಒಮ್ಮೆ ಒಬ್ಬ ಹುಡುಗಿ ‘ಮರ’ವನ್ನು ‘ವರ’ ಎಂದು ಓದಿ, ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿ, ‘ಮಿಸ್, ಇವೆರಡೂ ಒಂದೇ ತರಹ ಇವೆ’ ಎಂದು ಕೈ ಎತ್ತಿದ ಮುಖಕ್ಕೆ ಬಣ್ಣ ತುಂಬಿದಳು. ವ ಮತ್ತು ಮ ಅಕ್ಷರಗಳ ಆಕಾರ ಬಹುಪಾಲು ಒಂದೇ, ಮಕಾರದ ಬಲಗಡೆಯ ಮೇಲ್ಮುಖ ಸುರುಳಿಯಷ್ಟೇ ವ್ಯತ್ಯಾಸ. ನಾನು ‘ಸಾಲು ತಪ್ಪು’ ಎಂದು ಗುರುತು ಹಾಕಿದ್ದರೆ ಆಕೆಗೆ ಎಲ್ಲಿ ತೊಡಕಾಯಿತೆಂದು ತಿಳಿಯುತ್ತಿರಲಿಲ್ಲ. ಸೋಮವಾರ ಆಕೆಯೊಂದಿಗೆ ಈ ಎರಡು ಅಕ್ಷರಗಳನ್ನು ಮರಳಿನ ತಟ್ಟೆಯಲ್ಲಿ ಬೆರಳಿನಿಂದ ತಿದ್ದಿಸಿದೆ.

ಮಗುವಿನ ಗುರುತಿನ ಪಕ್ಕದಲ್ಲಿ, ನಾನು ಕಂಡದ್ದನ್ನು ಪೆನ್ಸಿಲ್‌ನಲ್ಲಿ ಸಣ್ಣದಾಗಿ ಬರೆದಿಡುತ್ತೇನೆ. ಎಲ್ಲವನ್ನೂ ಸರಿಯಾಗಿ ಓದಿಯೂ ನೇರ ಬಾಯಿಯ ಮುಖವನ್ನೇ ಆರಿಸುವ ಮಕ್ಕಳಿದ್ದಾರೆ. ಅವರಲ್ಲಿ ಹೆಚ್ಚಿನವರು ಪ್ರತಿ ಪದಕ್ಕೂ ನನ್ನ ಮುಖವನ್ನು ನೋಡಿ ಖಚಿತಪಡಿಸಿಕೊಳ್ಳುವವರು. ಮುಂದಿನ ವಾರ ಅವರು ಓದುವಾಗ ನಾನು ಬೇರೆ ಕಡೆ ತಿರುಗಿ ಕುಳಿತುಕೊಳ್ಳುತ್ತೇನೆ. ಈ ಹಾಳೆಯನ್ನು ಅಂಕಗಳಿಗೆ ಪರಿವರ್ತಿಸುವುದಿಲ್ಲ, ಗೋಡೆಗೂ ಅಂಟಿಸುವುದಿಲ್ಲ. ಹಾಗೆ ಮಾಡಿದರೆ ಮುಂದಿನ ಶನಿವಾರ ಮತ್ತೆ ಎಲ್ಲೆಡೆ ನಗುಮುಖಗಳೇ ಕಾಣುತ್ತವೆ, ಮತ್ತು ಯಾರಿಗೆ ಯಾವ ಅಕ್ಷರವನ್ನು ಪುನಃ ಕಲಿಸಬೇಕೆಂಬುದು ನನಗೆ ತಿಳಿಯುವುದಿಲ್ಲ.